‘ಅರಸನ ಮನೆ’ ಹೀಬ್ರೂವಿನಲ್ಲಿ: ‘ಹ’ ಎಲ್ಲಿ ಕೂರುತ್ತದೆ?

ಯಹೂದಿಗಳ ಹೊಸ ವರ್ಷದ ಹಬ್ಬಕ್ಕೆ ರೋಶ್ ಹಶಾನಾ ಎಂದು ಹೆಸರು. ಇಸ್ರೇಲಿನ ರಾಷ್ಟ್ರಗೀತೆ ಹತಿಕ್ವಾ. ಅಲ್ಲಿನ ಹಳೆಯ ದಿನಪತ್ರಿಕೆಯೊಂದು ಹಾಆರೆತ್ಸ್. ಮೂರು ಹೆಸರಲ್ಲೂ ಒಂದು ‘ಹ’ ಇದೆ. ಹತಿಕ್ವಾದಲ್ಲಿ ಅದು ಮೊದಲಿಗೇ ಬರುತ್ತದೆ, ರೋಶ್ ಹಶಾನಾದಲ್ಲಿ ನಡುವೆ ಬರುತ್ತದೆ, ಹಾಆರೆತ್ಸ್‌ನಲ್ಲಿ ‘ಹಾ’ ಎಂದು ಉದ್ದವಾಗುತ್ತದೆ. ಬೈಬಲಿನಿಂದ ಕನ್ನಡಿಗರಿಗೆ ಪರಿಚಯವಾದ ಬೇತ್ಲೆಹೇಮ್‌ನಲ್ಲಾಗಲಿ, ಕೊಂಕಣ ಕರಾವಳಿಯಲ್ಲಿ ಶತಮಾನಗಳಿಂದ ನೆಲೆಸಿದ ಬೆನೆ ಇಸ್ರೇಲ್ ಯಹೂದಿಗಳ ಹೆಸರಿನಲ್ಲಾಗಲಿ ಅದು ಇಲ್ಲವೇ ಇಲ್ಲ.

ಹೀಬ್ರೂ ಕಲಿಯಲು ಹೊರಟವರು, ದೇವಶಾಸ್ತ್ರದ ವಿದ್ಯಾರ್ಥಿಗಳಿರಲಿ, ಭಾಷೆಯ ಮೇಲಿನ ಆಸೆಯಿಂದ ಬಂದವರಿರಲಿ, ಮೊದಲ ಕೆಲವು ವಾರಗಳಲ್ಲೇ ಈ ‘ಹ’ದ ಹತ್ತಿರ ಎಡವುತ್ತಾರೆ. ಅದರ ಬೆನ್ನಿಗೇ ‘ಸ್ಮಿಖುತ್’ ಎಂಬ ಇನ್ನೊಂದು ಪಾಠ ಬರುತ್ತದೆ. ಎರಡು ನಾಮಪದಗಳನ್ನು ಒತ್ತಟ್ಟಿಗೆ ಇಟ್ಟು ‘ಇದರ ಅದು’ ಎಂದು ಹೇಳುವ ಕ್ರಮ ಅದು. ಈ ಎರಡು ಪಾಠಗಳನ್ನು ಬೇರೆ ಬೇರೆಯಾಗಿ ಕಲಿತರೆ ಗೊಂದಲ ಹೆಚ್ಚು, ಏಕೆಂದರೆ ಒಂದರ ನಿಯಮ ಇನ್ನೊಂದರೊಳಗೆ ಸೇರಿಕೊಂಡಿದೆ. ಕಲಿಯುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಹೆಚ್ಚಿನ ಉದಾಹರಣೆಗಳಿಗೆ ಮೂರೇ ಪದಗಳು ಸಾಕು: ಮೆಲೆಖ್ (ಅರಸ), ಬಯಿತ್ (ಮನೆ), ಬೆನ್ (ಮಗ). ಈ ಬರಹದಲ್ಲಿ ‘ಖ್’ ಎಂದು ಬರೆದಿರುವುದು ಉರ್ದುವಿನಂತೆ ಗಂಟಲಿನಿಂದ ಬರುವ ಧ್ವನಿ.

ಕನ್ನಡದಲ್ಲಿ ಇಲ್ಲದ ಈ ‘ಹ’ ಮಾಡುವ ಕೆಲಸವೇನು?

ಇಂಗ್ಲಿಷಿನ ‘ದಿ’ ಮಾಡುವ ಕೆಲಸವನ್ನೇ ಹೆಚ್ಚುಕಡಿಮೆ ಇದೂ ಮಾಡುತ್ತದೆ. ಮಾತನಾಡುವವನಿಗೂ ಕೇಳುವವನಿಗೂ ಯಾವುದು ಎಂದು ಗೊತ್ತಿರುವ ವಸ್ತುವಿನ ಹೆಸರಿಗೆ ‘ಹ’ ಸೇರುತ್ತದೆ. ಬರಿಯ ‘ಮೆಲೆಖ್’ ಎಂದರೆ ಯಾರೋ ಒಬ್ಬ ಅರಸ. ‘ಹಮ್ಮೆಲೆಖ್’ ಎಂದರೆ ಆಗಲೇ ಮಾತಿಗೆ ಬಂದಿರುವ ಅರಸ, ಅಥವಾ ಆ ನಾಡಿಗೆ ಇರುವ ಒಬ್ಬನೇ ಅರಸ. ‘ಒಬ್ಬ’, ‘ಒಂದು’ ಎಂಬ ಅರ್ಥಕ್ಕೆ ಹೀಬ್ರೂವಿನಲ್ಲಿ ಬೇರೆ ಗುರುತು ಬೇಕಿಲ್ಲ. ‘ಹ’ ಇಲ್ಲದಿರುವುದೇ ಆ ಗುರುತು.

ಇದು ಬಿಡಿಪದವಲ್ಲ, ನಾಮಪದದ ತಲೆಗೆ ಅಂಟಿಕೊಳ್ಳುವ ಅಕ್ಷರ. ಅಂಟಿದಾಗ ಮುಂದಿನ ವ್ಯಂಜನ ಇಮ್ಮಡಿಯಾಗುತ್ತದೆ. ಹ + ಮೆಲೆಖ್ ಹಮ್ಮೆಲೆಖ್ ಆಗುತ್ತದೆ, ಹ + ಬಯಿತ್ ಹಬ್ಬಯಿತ್ ಆಗುತ್ತದೆ. ಹೀಬ್ರೂ ಬರಹದಲ್ಲಿ ಈ ಇಮ್ಮಡಿಯನ್ನು ತೋರಿಸಲು ಅಕ್ಷರದ ಹೊಟ್ಟೆಯೊಳಗೆ ಒಂದು ಚುಕ್ಕೆ ಇಡುತ್ತಾರೆ. ಅದರ ಹೆಸರು ದಾಗೇಶ್. ಕನ್ನಡದಲ್ಲಿ ಒತ್ತಕ್ಷರ ಇರುವುದರಿಂದ ಇದನ್ನು ಬರೆದು ನೋಡುವುದು ಸುಲಭ. ಸೋದರ ಭಾಷೆಯಾದ ಅರೇಬಿಕ್‌ನಲ್ಲೂ ಇಂಥದೇ ಬದಲಾವಣೆ ಇದೆ. ‘ಅಲ್’ ಮತ್ತು ‘ಸಲಾಮ್’ ಸೇರಿದಾಗ ‘ಅಸ್ಸಲಾಮ್’ ಆಗುವುದನ್ನು ಎಲ್ಲರೂ ಕೇಳಿದ್ದಾರೆ.

ಇಂದಿನ ಇಸ್ರೇಲಿಗರು ಈ ಇಮ್ಮಡಿಯನ್ನು ಉಚ್ಚರಿಸುವುದಿಲ್ಲ. ಅವರ ಬಾಯಲ್ಲಿ ಅದು ‘ಹಮೆಲೆಖ್’, ‘ಹಬಯಿತ್’. ರೋಶ್ ಹಶ್ಶಾನಾ ರೋಶ್ ಹಶಾನಾ ಆದದ್ದೂ ಹೀಗೆಯೇ. ಆದರೆ ಬೈಬಲಿನ ಹೀಬ್ರೂ ಓದುವವರು ಆ ಚುಕ್ಕೆಯ ಮೇಲೆ ಕಣ್ಣಿಡಬೇಕು. ಮುಂದೆ ಒಂದು ಕಡೆ ‘ಹ’ವೇ ಕಣ್ಮರೆಯಾಗುತ್ತದೆ, ಆಗ ಅದು ಇತ್ತು ಎಂದು ಹೇಳುವ ಗುರುತುಗಳಲ್ಲಿ ಈ ಚುಕ್ಕೆಯೂ ಒಂದು.

ಕೆಲವು ಪದಗಳಲ್ಲಿ ‘ಹ’ ಇದೆ, ಕೆಲವದರಲ್ಲಿ ‘ಹಾ’ ಅಥವಾ ‘ಹೆ’ ಇದೆ. ಇವು ಬೇರೆ ಬೇರೆಯೇ?

ಅಲ್ಲ, ಮೂರೂ ಒಂದೇ. ಹೀಬ್ರೂವಿನ ಐದು ಅಕ್ಷರಗಳು ಇಮ್ಮಡಿಯಾಗಲು ಒಪ್ಪುವುದಿಲ್ಲ. ಅವು ಆಲೆಫ್, ಹೇ, ಹೆತ್, ಐನ್ ಎಂಬ ನಾಲ್ಕು ಕಂಠ್ಯಧ್ವನಿಗಳು ಮತ್ತು ರೇಶ್, ಅಂದರೆ ‘ರ’. ಮುಂದಿನ ಅಕ್ಷರಕ್ಕೆ ಸಲ್ಲಬೇಕಾದ ಒತ್ತು ಸಲ್ಲದಿದ್ದಾಗ, ಅದರ ಬದಲಿಗೆ ‘ಹ’ದ ಸ್ವರ ದೀರ್ಘವಾಗುತ್ತದೆ. ರೋಶ್ (ತಲೆ) ‘ಹಾರೋಶ್’ ಆಗುತ್ತದೆ, ಈಶ್ (ಗಂಡಸು) ‘ಹಾಈಶ್’ ಆಗುತ್ತದೆ, ಈರ್ (ಊರು) ‘ಹಾಈರ್’ ಆಗುತ್ತದೆ. ಹೇ ಮತ್ತು ಹೆತ್ ಎದುರಾದಾಗ ಹೆಚ್ಚಾಗಿ ಒತ್ತೂ ಇಲ್ಲ, ದೀರ್ಘವೂ ಇಲ್ಲ. ಹೋದೆಶ್ (ತಿಂಗಳು) ಬರಿಯ ‘ಹಹೋದೆಶ್’ ಆಗುತ್ತದೆ. ಇಂಥ ಕಂಠ್ಯಾಕ್ಷರದ ಮೇಲೆ ‘ಆ’ ಸ್ವರವಿರುವ ಕೆಲವು ಪದಗಳಲ್ಲಿ ‘ಹ’ ತಿರುಗಿ ‘ಹೆ’ ಆಗುತ್ತದೆ. ಹಾಖಾಮ್ (ಜ್ಞಾನಿ) ‘ಹೆಹಾಖಾಮ್’ ಆಗುವುದು ಹೀಗೆ.

ಹಾಆರೆತ್ಸ್ ಪತ್ರಿಕೆಯ ಹೆಸರಿನಲ್ಲಿ ಇನ್ನೂ ಒಂದು ತಿರುವು ಇದೆ. ಮೂಲ ಪದ ಎರೆತ್ಸ್, ಅಂದರೆ ನೆಲ ಅಥವಾ ನಾಡು. ಅದು ಆಲೆಫ್‌ನಿಂದ ಶುರುವಾಗುವುದರಿಂದ ‘ಹಾ’ ಬಂದದ್ದು ಸರಿ, ಆದರೆ ಪದದ ಸ್ವಂತ ಸ್ವರವೂ ‘ಎ’ಯಿಂದ ‘ಆ’ಗೆ ಬದಲಾಗಿದೆ. ಹೀಗೆ ಆಗುವ ಪದಗಳು ಬೆರಳೆಣಿಕೆಯಷ್ಟು. ಅಮ್ (ಜನ) ‘ಹಾಆಮ್’ ಆಗುತ್ತದೆ, ಹರ್ (ಬೆಟ್ಟ) ‘ಹಾಹಾರ್’ ಆಗುತ್ತದೆ. ಇವನ್ನು ನಿಯಮದಿಂದ ಹೊರಡಿಸುವುದಕ್ಕಿಂತ ಬಾಯಿಪಾಠ ಮಾಡಿಕೊಳ್ಳುವುದೇ ವಾಸಿ. ನಿಘಂಟಿನಲ್ಲಿ ‘ಆರೆತ್ಸ್’ ಹುಡುಕಿ ಸಿಗದೆ ಪರದಾಡುವ ಹೊಸಬರು ‘ಎರೆತ್ಸ್’ ನೋಡಬೇಕು.

‘ಅರಸನಿಗೆ’, ‘ಮನೆಯಲ್ಲಿ’ ಎನ್ನುವಾಗ ‘ಹ’ ಎಲ್ಲಿಗೆ ಹೋಗುತ್ತದೆ?

ಕನ್ನಡದ ವಿಭಕ್ತಿ ಪ್ರತ್ಯಯಗಳು ಪದದ ಕೊನೆಗೆ ಹತ್ತುತ್ತವೆ. ಹೀಬ್ರೂವಿನಲ್ಲಿ ಆ ಕೆಲಸ ಮಾಡುವ ಮೂರು ಒಂಟಿ ಅಕ್ಷರಗಳು ಪದದ ಮುಂದೆ ಬರುತ್ತವೆ. ‘ಬೆ’ ಎಂದರೆ ‘ಅಲ್ಲಿ’, ‘ಲೆ’ ಎಂದರೆ ‘ಗೆ’ ಅಥವಾ ‘ಇಗೆ’, ‘ಕೆ’ ಎಂದರೆ ‘ಹಾಗೆ’. ಯಾರೋ ಒಬ್ಬ ಅರಸನಿಗೆ ಎನ್ನಲು ‘ಲೆಮೆಲೆಖ್’ ಎಂದರೆ ಆಯಿತು. ಆ ಅರಸನಿಗೆ ಎನ್ನಲು ‘ಲೆಹಮ್ಮೆಲೆಖ್’ ಆಗಬೇಕಿತ್ತು. ಆದರೆ ನಡುವಿನ ‘ಹ್’ ಬಿದ್ದುಹೋಗಿ, ಅದರ ‘ಅ’ ಸ್ವರ ಮಾತ್ರ ‘ಲ’ಕ್ಕೆ ಉಳಿಯುತ್ತದೆ. ಹಾಗಾಗಿ ಸಿಗುವ ರೂಪ ‘ಲಮ್ಮೆಲೆಖ್’.

ಹೀಗಾಗಿ ಪತ್ತೆ ಹಚ್ಚುವ ದಾರಿ ಸರಳ. ಮೊದಲ ಅಕ್ಷರದ ಸ್ವರ ‘ಎ’ ಇದ್ದರೆ ‘ಹ’ ಇರಲಿಲ್ಲ. ಸ್ವರ ‘ಅ’ ಆಗಿ, ಮುಂದಿನ ಅಕ್ಷರಕ್ಕೆ ಒತ್ತಿದ್ದರೆ ‘ಹ’ ಒಳಗೆ ಅಡಗಿದೆ. ಪದ ‘ರ’ದಿಂದಲೋ ಆಲೆಫ್‌ನಿಂದಲೋ ಶುರುವಾದರೆ ಒತ್ತು ಬರುವಂತಿಲ್ಲ, ಆಗ ಸ್ವರ ‘ಆ’ ಆಗುತ್ತದೆ. ‘ಆ ತಲೆಗೆ’ ಎನ್ನಲು ‘ಲಾರೋಶ್’.

ಈ ಮೂರು ಅಕ್ಷರಗಳಿಗೆ ಮಾತ್ರ ‘ಹ’ವನ್ನು ನುಂಗುವ ಅಭ್ಯಾಸ. ‘ಮತ್ತು’ ಎಂಬ ಅರ್ಥದ ‘ವೆ’ ಮುಂದೆ ಬಂದರೆ ‘ಹ’ ಹಾಗೆಯೇ ಉಳಿಯುತ್ತದೆ: ‘ವೆಹಮ್ಮೆಲೆಖ್’. ತೊಂದರೆ ಎದುರಾಗುವುದು ಸ್ವರಚಿಹ್ನೆ ಇಲ್ಲದ ಬರಹದಲ್ಲಿ. ಇಸ್ರೇಲಿನ ಪತ್ರಿಕೆ, ಫಲಕ, ಸರ್ಕಾರಿ ಪತ್ರಗಳಲ್ಲಿ ಸ್ವರಚಿಹ್ನೆ ಹಾಕುವುದಿಲ್ಲ. ಅಲ್ಲಿ ‘ಲೆಮೆಲೆಖ್’ ಮತ್ತು ‘ಲಮ್ಮೆಲೆಖ್’ ಎರಡಕ್ಕೂ ಲ-ಮ-ಲ-ಖ ಎಂಬ ನಾಲ್ಕೇ ವ್ಯಂಜನಗಳು. ಯಾವುದು ಎಂದು ವಾಕ್ಯದ ಸಂದರ್ಭ ನೋಡಿಯೇ ಓದಬೇಕು.

‘ಅರಸನ ಮನೆ’ ಎನ್ನುವುದು ಹೇಗೆ?

ಕನ್ನಡದಲ್ಲಿ ಒಡೆಯನ ಹೆಸರು ಮೊದಲು ಬರುತ್ತದೆ, ಗುರುತು ಬೀಳುವುದೂ ಅವನ ಮೇಲೆಯೇ: ಅರಸ ‘ಅರಸನ’ ಆಗುತ್ತಾನೆ, ಮನೆ ಮಾತ್ರ ಇದ್ದ ಹಾಗೇ ಇರುತ್ತದೆ. ಹೀಬ್ರೂವಿನಲ್ಲಿ ಎರಡೂ ತಿರುವುಮುರುವು. ಮನೆ ಮೊದಲು ಬರುತ್ತದೆ, ರೂಪ ಬದಲಾಗುವುದೂ ಮನೆಯದೇ. ಬಯಿತ್ ಕುಗ್ಗಿ ‘ಬೇತ್’ ಆಗುತ್ತದೆ, ಅರಸ ಹಾಗೇ ಉಳಿಯುತ್ತಾನೆ: ‘ಬೇತ್ ಹಮ್ಮೆಲೆಖ್’. ಎರಡು ಪದಗಳ ನಡುವೆ ‘ನ’, ‘ದ’ ಇರುವಂಥ ಯಾವ ಪ್ರತ್ಯಯವೂ ಇಲ್ಲ. ಇದೇ ಸ್ಮಿಖುತ್.

ಮೊದಲ ಪದ ಕುಗ್ಗುವುದಕ್ಕೆ ಕಾರಣ ಉಚ್ಚಾರಣೆಯಲ್ಲಿದೆ. ಎರಡು ಪದಗಳನ್ನು ಒಂದೇ ಉಸಿರಿನಲ್ಲಿ ಹೇಳುವಾಗ ಹೀಬ್ರೂ ತನ್ನ ಬಲವನ್ನೆಲ್ಲ ಕೊನೆಯ ಪದದ ಮೇಲೆ ಹಾಕುತ್ತದೆ. ಬಲ ಕಳೆದುಕೊಂಡ ಮೊದಲ ಪದದ ಸ್ವರಗಳು ಸವೆದು ಚಿಕ್ಕವಾಗುತ್ತವೆ. ಕನ್ನಡ ಶಾಲೆಯಲ್ಲಿ ತತ್ಪುರುಷ ಸಮಾಸಕ್ಕೆ ಕೊಡುವ ಉದಾಹರಣೆಯನ್ನೇ ನೆನೆಯಬಹುದು: ಅರಸನ + ಮನೆ = ಅರಮನೆ. ಅಲ್ಲಿಯೂ ಸೇರಿಕೊಂಡ ಎರಡು ಪದಗಳಲ್ಲಿ ಮೊದಲನೆಯದು ಸವೆದಿದೆ. ವ್ಯತ್ಯಾಸ ಇಷ್ಟೇ: ಕನ್ನಡದಲ್ಲಿ ಮೊದಲನೆಯವನು ಅರಸ, ಹೀಬ್ರೂವಿನಲ್ಲಿ ಮೊದಲನೆಯದು ಮನೆ.

ಎಲ್ಲ ಪದಗಳೂ ಒಂದೇ ರೀತಿ ಸವೆಯುವುದಿಲ್ಲ. ಮೆಲೆಖ್‌ನಂಥ ಪದಗಳು ಏಕವಚನದಲ್ಲಿ ಬದಲಾಗುವುದೇ ಇಲ್ಲ. ಖಚಿತವಾಗಿ ಬದಲಾಗುವ ಎರಡು ಕೊನೆಗಳನ್ನು ಮೊದಲೇ ಕಲಿತರೆ ಬಹಳಷ್ಟು ಕೆಲಸ ಮುಗಿದಂತೆ. ‘ಆ’ ಎಂದು ಮುಗಿಯುವ ಸ್ತ್ರೀಲಿಂಗ ಪದಗಳಿಗೆ ‘ಅತ್’ ಬರುತ್ತದೆ: ತೋರಾ ‘ತೋರತ್ ಮೋಶೆ’ (ಮೋಶೆಯ ಧರ್ಮಶಾಸ್ತ್ರ) ಆಗುತ್ತದೆ, ಮಲ್ಕಾ (ರಾಣಿ) ‘ಮಲ್ಕತ್ ಶೆವಾ’ (ಶೆಬದ ರಾಣಿ) ಆಗುತ್ತದೆ. ‘ಈಮ್’ ಎಂದು ಮುಗಿಯುವ ಬಹುವಚನಕ್ಕೆ ‘ಏ’ ಬರುತ್ತದೆ: ಬಾನೀಮ್ (ಮಕ್ಕಳು) ‘ಬೆನೇ ಇಸ್ರಾಯೇಲ್’ ಆಗುತ್ತದೆ. ಕೊಂಕಣದ ಯಹೂದಿಗಳು ತಮ್ಮನ್ನು ಕರೆದುಕೊಳ್ಳುವ ಬೆನೆ ಇಸ್ರೇಲ್ ಎಂಬ ಹೆಸರು ಇದೇ, ‘ಇಸ್ರಾಯೇಲನ ಮಕ್ಕಳು’. ಬೇತ್ಲೆಹೇಮ್ ಕೂಡ ಒಂದು ಸ್ಮಿಖುತ್, ‘ರೊಟ್ಟಿಯ ಮನೆ’. ಬೇತೇಲ್ ‘ದೇವರ ಮನೆ’.

ಸರಪಳಿಯನ್ನು ಉದ್ದ ಮಾಡಲೂಬಹುದು. ‘ಬೇತ್ ಬೆನ್ ಹಮ್ಮೆಲೆಖ್’ ಎಂಬುದನ್ನು ಕೊನೆಯಿಂದ ಮೊದಲಿಗೆ ಓದಿದರೆ ಕನ್ನಡದ ಕ್ರಮವೇ ಸಿಗುತ್ತದೆ: ಅರಸನ ಮಗನ ಮನೆ. ಇಂಗ್ಲಿಷಿನ ಮೂಲಕ ಅನುವಾದ ಮಾಡಿಕೊಂಡು ಓದುವುದಕ್ಕಿಂತ ಇದು ಕನ್ನಡಿಗರಿಗೆ ಹತ್ತಿರದ ದಾರಿ.

ಮನೆಯೂ ಗೊತ್ತಿರುವ ಮನೆಯೇ. ಹಾಗಿದ್ದರೆ ‘ಹಬ್ಬೇತ್ ಹಮ್ಮೆಲೆಖ್’ ಎನ್ನಬಾರದೇಕೆ?

ಹೊಸಬರ ಕೈಯಲ್ಲಿ ಅತಿ ಹೆಚ್ಚು ಆಗುವ ತಪ್ಪು ಇದೇ. ನಿಯಮ ಹೀಗಿದೆ: ಸರಪಳಿಗೆಲ್ಲ ಒಂದೇ ‘ಹ’, ಅದು ಕೂರುವುದು ಕೊನೆಯ ಪದದ ಮೇಲೆ. ಕೊನೆಯ ಪದ ನಿಶ್ಚಿತವಾದರೆ ಇಡೀ ಸರಪಳಿ ನಿಶ್ಚಿತ. ‘ಬೇತ್ ಹಮ್ಮೆಲೆಖ್’ ಎಂದರೆ ಆ ಅರಸನ ಆ ಮನೆ. ‘ಬೇತ್ ಮೆಲೆಖ್’ ಎಂದರೆ ಯಾವನೋ ಅರಸನ ಯಾವುದೋ ಮನೆ. ರೋಶ್ ಹಶಾನಾ ಎಂಬ ಹಬ್ಬದ ಹೆಸರಿನಲ್ಲಿ ‘ಹ’ ನಡುವೆ ಸಿಕ್ಕಿಕೊಂಡಂತೆ ಕಾಣುವುದು ಇದರಿಂದಲೇ. ‘ವರ್ಷದ ತಲೆ’ ಎಂಬ ಆ ಸ್ಮಿಖುತ್‌ನಲ್ಲಿ ಕೊನೆಯ ಪದ ಶಾನಾ, ಅಂದರೆ ವರ್ಷ.

ಕೊನೆಯ ಪದ ವ್ಯಕ್ತಿಯ ಅಥವಾ ಊರಿನ ಹೆಸರಾದರೆ ಅದಕ್ಕೆ ‘ಹ’ ಬೇಕಿಲ್ಲ, ಹೆಸರು ತಾನಾಗಿಯೇ ನಿಶ್ಚಿತ. ‘ಬೇತ್ ದಾವೀದ್’ ಎಂದರೆ ದಾವೀದನ ಆ ಮನೆ. ‘ನನ್ನ’, ‘ನಿನ್ನ’ ಎಂಬ ಅರ್ಥದ ಪ್ರತ್ಯಯ ಹತ್ತಿದ ಪದಕ್ಕೂ ಹೀಗೆಯೇ. ‘ಬೇತ್ ಆವೀ’ ಎಂದರೆ ನನ್ನ ಅಪ್ಪನ ಮನೆ, ಅದೂ ನಿಶ್ಚಿತ.

ಮನೆಯ ಮೇಲೆ ‘ಹ’ ಇಲ್ಲದಿದ್ದರೂ ಅದು ನಿಶ್ಚಿತ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ‘ಎತ್’ ಎಂಬ ಚಿಕ್ಕ ಪದವನ್ನು ನೋಡಬಹುದು. ಕ್ರಿಯೆಯ ಕರ್ಮ ನಿಶ್ಚಿತವಾಗಿದ್ದರೆ ಹೀಬ್ರೂ ಗದ್ಯದಲ್ಲಿ ಅದರ ಮುಂದೆ ‘ಎತ್’ ಬರುತ್ತದೆ. ಕನ್ನಡಿಗರಿಗೆ ಇದು ಅಪರಿಚಿತವಲ್ಲ. ‘ಹುಡುಗ ಮನೆ ನೋಡಿದ’ ಎನ್ನುವುದಕ್ಕೂ ‘ಹುಡುಗ ಮನೆಯನ್ನು ನೋಡಿದ’ ಎನ್ನುವುದಕ್ಕೂ ಇರುವ ಸಣ್ಣ ವ್ಯತ್ಯಾಸ ಅವರ ಕಿವಿಗೆ ಗೊತ್ತು. ‘ಅನ್ನು’ ಬಂದಾಗ ಯಾವುದೋ ಒಂದು ಗೊತ್ತಾದ ಮನೆ ಮನಸ್ಸಿಗೆ ಬರುತ್ತದೆ. ಕನ್ನಡದಲ್ಲಿ ಇದು ಸಡಿಲವಾದ ಒಲವು, ಹೀಬ್ರೂವಿನಲ್ಲಿ ಬಿಗಿಯಾದ ನಿಯಮ. ‘ರಾಆ ಬಯಿತ್’ ಎಂದರೆ ಅವನು ಒಂದು ಮನೆ ಕಂಡ. ‘ರಾಆ ಎತ್ ಹಬ್ಬಯಿತ್’ ಎಂದರೆ ಅವನು ಆ ಮನೆಯನ್ನು ಕಂಡ. ಅರಸನ ಮನೆಯನ್ನು ಕಂಡ ಎನ್ನಲು ‘ರಾಆ ಎತ್ ಬೇತ್ ಹಮ್ಮೆಲೆಖ್’ ಎನ್ನಬೇಕು. ಇಲ್ಲಿ ‘ಎತ್’ ಪಕ್ಕದಲ್ಲೇ ನಿಂತಿರುವ ‘ಬೇತ್’ಗೆ ‘ಹ’ ಇಲ್ಲ, ಆದರೂ ‘ಎತ್’ ಬಂದಿದೆ. ಕೊನೆಯ ‘ಹ’ ಮೊದಲ ಪದದವರೆಗೂ ಕೆಲಸ ಮಾಡಿದೆ ಎಂದು ಇದರಿಂದ ತಿಳಿಯುತ್ತದೆ.

ಅರಸನಿಗೆ ಹಲವು ಮಕ್ಕಳು. ‘ಆ ಅರಸನ ಒಬ್ಬ ಮಗ’ ಎನ್ನುವುದು ಹೇಗೆ?

ಮೇಲಿನ ನಿಯಮದ ಇಕ್ಕಟ್ಟು ಇಲ್ಲಿ ಗೊತ್ತಾಗುತ್ತದೆ. ‘ಬೆನ್ ಹಮ್ಮೆಲೆಖ್’ ಎಂದರೆ ಸಾಮಾನ್ಯವಾಗಿ ಅರಸನೂ ನಿಶ್ಚಿತ, ಮಗನೂ ನಿಶ್ಚಿತ. ‘ಬೆನ್ ಮೆಲೆಖ್’ ಎಂದರೆ ಇಬ್ಬರೂ ಅನಿಶ್ಚಿತ. ಅರಸ ಮಾತ್ರ ಗೊತ್ತಿದ್ದು ಮಗ ಯಾರೋ ಒಬ್ಬ ಎನ್ನಬೇಕಾದರೆ ಸ್ಮಿಖುತ್ ಅನ್ನು ಬಿಟ್ಟು ‘ಲೆ’ಯನ್ನು ಹಿಡಿಯುತ್ತಾರೆ: ‘ಬೆನ್ ಲಮ್ಮೆಲೆಖ್’, ಅಕ್ಷರಶಃ ‘ಅರಸನಿಗೆ ಒಬ್ಬ ಮಗ’. ‘ಅರಸನಿಗೆ ಮೂವರು ಮಕ್ಕಳು’ ಎಂದು ಕನ್ನಡದಲ್ಲಿಯೂ ಚತುರ್ಥಿ ವಿಭಕ್ತಿ ಬಳಸಿ ಹೇಳುವುದುಂಟು.

ಇದಕ್ಕೆ ವ್ಯಾಕರಣ ಪುಸ್ತಕಗಳು ಕೊಡುವ ಒಳ್ಳೆಯ ಉದಾಹರಣೆ ಬೈಬಲಿನ ಸಮುವೇಲನ ಮೊದಲ ಗ್ರಂಥದಲ್ಲಿದೆ. 16ನೇ ಅಧ್ಯಾಯದಲ್ಲಿ ಅರಸ ಸೌಲನಿಗೆ ಮನಸ್ಸಿನ ಬೇನೆ. ಕಿನ್ನರಿ ನುಡಿಸಬಲ್ಲವನೊಬ್ಬ ಬೇಕೆಂದು ಹುಡುಕುತ್ತಿದ್ದಾಗ ಆಳೊಬ್ಬ ಬೇತ್ಲೆಹೇಮಿನ ಇಷಯನ ಒಬ್ಬ ಮಗನನ್ನು ತಾನು ಕಂಡಿರುವುದಾಗಿ ಹೇಳುತ್ತಾನೆ. ಹುಡುಗ ದಾವೀದ. ಇಷಯನಿಗೆ ಎಂಟು ಮಕ್ಕಳಿದ್ದರೆಂದು ಮುಂದಿನ ಅಧ್ಯಾಯ ತಿಳಿಸುತ್ತದೆ. ಸೌಲನಿಗೆ ಆ ಹುಡುಗನ ಪರಿಚಯ ಇನ್ನೂ ಇಲ್ಲ. ಹಾಗಾಗಿ ಆಳು ‘ಬೆನ್ ಯಿಶಾಯ್’ ಎನ್ನದೆ ‘ಬೆನ್ ಲೆಯಿಶಾಯ್’ ಎನ್ನುತ್ತಾನೆ, ಇಷಯನ ಮಕ್ಕಳಲ್ಲಿ ಒಬ್ಬ ಎಂಬ ಅರ್ಥದಲ್ಲಿ.

ನಾಲ್ಕು ಅಧ್ಯಾಯ ಕಳೆಯುವ ಹೊತ್ತಿಗೆ ಸೌಲ ದಾವೀದನ ಮೇಲೆ ಕತ್ತಿ ಮಸೆಯುತ್ತಿದ್ದಾನೆ. ಊಟದ ಪಂಕ್ತಿಯಲ್ಲಿ ಅವನು ಕಾಣದಿದ್ದಾಗ ಹೆಸರು ಕೂಡ ಹಿಡಿಯದೆ ‘ಬೆನ್ ಯಿಶಾಯ್’ ಏಕೆ ಬಂದಿಲ್ಲ ಎಂದು ಕೇಳುತ್ತಾನೆ. ಈಗ ‘ಲೆ’ ಇಲ್ಲ. ಯಾವ ಮಗ ಎಂದು ಆ ಪಂಕ್ತಿಯಲ್ಲಿ ಕುಳಿತ ಎಲ್ಲರಿಗೂ ಗೊತ್ತು. ಅದೇ ತಂದೆ, ಅದೇ ಮಗ. ಒಂದು ‘ಲೆ’ ಇರುವುದರಿಂದ, ಇಲ್ಲದಿರುವುದರಿಂದ ಅಪರಿಚಿತ ಹುಡುಗ ಮತ್ತು ಎಲ್ಲರೂ ಬಲ್ಲ ಎದುರಾಳಿ ಬೇರೆಯಾಗುತ್ತಾರೆ.

ಆಳಿನ ಅದೇ ಮಾತಿನಲ್ಲಿ ಇನ್ನೊಂದು ಸ್ವಾರಸ್ಯವಿದೆ. ಇಷಯನನ್ನು ಬೇತ್ಲೆಹೇಮಿನವನು ಎನ್ನಲು ಬಂದಿರುವ ರೂಪ ‘ಬೇತ್ ಹಲ್ಲಹ್ಮೀ’. ಊರಿನ ಹೆಸರು ಸ್ಮಿಖುತ್ ಆದ್ದರಿಂದ ‘ಹ’ ಹೆಸರಿನ ಮುಂದೆ ಕೂರಲು ಒಪ್ಪದೆ ಹೆಸರನ್ನೇ ಎರಡಾಗಿ ಬಿಡಿಸಿ ನಡುವೆ ಕುಳಿತಿದೆ.

‘ಒಳ್ಳೆಯ’ ಎಂಬ ಗುಣವಾಚಕವನ್ನು ಎಲ್ಲಿಡಬೇಕು?

ಗುಣವಾಚಕ ನಾಮಪದದ ನಂತರ ಬರುತ್ತದೆ, ನಾಮಪದಕ್ಕೆ ‘ಹ’ ಇದ್ದರೆ ಅದಕ್ಕೂ ‘ಹ’ ಹತ್ತುತ್ತದೆ. ‘ಹಮ್ಮೆಲೆಖ್ ಹತ್ತೋವ್’ ಎಂದರೆ ಆ ಒಳ್ಳೆಯ ಅರಸ. ಎರಡನೆಯ ‘ಹ’ವನ್ನು ಮರೆತು ‘ಹಮ್ಮೆಲೆಖ್ ತೋವ್’ ಎಂದರೆ ಅದು ಪೂರ್ಣ ವಾಕ್ಯವೇ ಆಗಿಬಿಡುತ್ತದೆ: ಅರಸ ಒಳ್ಳೆಯವನು. ಕನ್ನಡದಂತೆ ಹೀಬ್ರೂವಿಗೂ ಇಂಥ ವಾಕ್ಯದಲ್ಲಿ ‘ಆಗಿದ್ದಾನೆ’ ಎಂಬ ಕ್ರಿಯಾಪದ ಬೇಕಿಲ್ಲ. ಹಾಗಾಗಿ ಒಂದು ‘ಹ’ ಬಿಟ್ಟುಹೋದರೆ ವ್ಯಾಕರಣದ ತಪ್ಪು ಕಾಣುವುದಿಲ್ಲ, ಅರ್ಥ ಬೇರೆಯಾಗುತ್ತದೆ.

ಸ್ಮಿಖುತ್‌ಗೆ ಗುಣವಾಚಕ ಸೇರಿಸುವಾಗ ಇನ್ನೊಂದು ತೊಡಕು ಬರುತ್ತದೆ. ಸರಪಳಿಯ ನಡುವೆ ಗುಣವಾಚಕವನ್ನು ತೂರಿಸುವಂತಿಲ್ಲ, ಅದು ಕೊನೆಗೇ ಬರಬೇಕು. ಹಾಗಾದರೆ ‘ಬೆನ್ ಹಮ್ಮೆಲೆಖ್ ಹತ್ತೋವ್’ ಎಂದಾಗ ಒಳ್ಳೆಯವನು ಯಾರು, ಮಗನೋ ಅರಸನೋ? ಇಬ್ಬರೂ ಪುಲ್ಲಿಂಗ, ಇಬ್ಬರೂ ಏಕವಚನ. ಆದ್ದರಿಂದ ಎರಡು ಅರ್ಥಕ್ಕೂ ಅವಕಾಶವಿದೆ, ಸಂದರ್ಭವೇ ತೀರ್ಮಾನಿಸಬೇಕು. ಮಗನ ಬದಲು ಮಗಳಿದ್ದರೆ ಗೊಂದಲ ತಾನಾಗಿ ಹೋಗುತ್ತದೆ. ‘ಬತ್ ಹಮ್ಮೆಲೆಖ್ ಹತ್ತೋವಾ’ ಎಂದರೆ ಅರಸನ ಒಳ್ಳೆಯ ಮಗಳು, ಏಕೆಂದರೆ ‘ತೋವಾ’ ಸ್ತ್ರೀಲಿಂಗ. ‘ಬತ್ ಹಮ್ಮೆಲೆಖ್ ಹತ್ತೋವ್’ ಎಂದರೆ ಒಳ್ಳೆಯ ಅರಸನ ಮಗಳು. ವಾಕ್ಯ ಬಿಡಿಸುವಾಗ ಮೊದಲು ಗುಣವಾಚಕದ ಲಿಂಗ ವಚನ ನೋಡಿ, ಅದಕ್ಕೆ ಹೊಂದುವ ನಾಮಪದವನ್ನು ಸರಪಳಿಯಲ್ಲಿ ಹುಡುಕುವುದೇ ರೂಢಿಯ ಕ್ರಮ.

ಇಂದಿನ ಇಸ್ರೇಲಿನಲ್ಲಿ ಜನ ಹೀಗೆಯೇ ಮಾತಾಡುತ್ತಾರೆಯೇ?

ಅರ್ಧ ಹೌದು, ಅರ್ಧ ಇಲ್ಲ. ‘ನನ್ನ ಗೆಳೆಯನ ಮನೆ’ ಎಂಬಂಥ ದಿನದ ಮಾತಿಗೆ ‘ಶೆಲ್’ ಎಂಬ ಪದ ಬಳಸುತ್ತಾರೆ. ಅದು ಸುಮಾರು 1,800 ವರ್ಷ ಹಿಂದಿನ ಮಿಶ್ನಾ ಗ್ರಂಥದ ಹೀಬ್ರೂವಿನಲ್ಲೇ ಬಳಕೆಯಲ್ಲಿತ್ತು. ‘ಹಬಯಿತ್ ಶೆಲ್ ಹಮೆಲೆಖ್’ ಎಂದರೆ ಅರಸನ ಮನೆ. ಇಲ್ಲಿ ಬಯಿತ್ ಕುಗ್ಗುವುದಿಲ್ಲ, ಎರಡು ಪದಕ್ಕೂ ‘ಹ’ ಹಾಕಬಹುದು, ಬೇಕೆಂದರೆ ಒಂದಕ್ಕೇ ಹಾಕಿ ‘ಒಂದು ಮನೆ’ ಎನ್ನಲೂಬಹುದು. ಹೊಸಬರಿಗೆ ಇದು ಹಾಯೆನಿಸುತ್ತದೆ.

ಆದರೆ ಜೋಡಿಪದಗಳಲ್ಲಿ ಸ್ಮಿಖುತ್ ಗಟ್ಟಿಯಾಗಿ ಉಳಿದಿದೆ. ಶಾಲೆಗೆ ‘ಬೇತ್ ಸೇಫೆರ್’, ಅಂದರೆ ಪುಸ್ತಕದ ಮನೆ. ಬಹುವಚನ ಮಾಡುವಾಗ ಮೊದಲ ಪದ ಬದಲಾಗಿ ‘ಬತೇ ಸೇಫೆರ್’ ಆಗುತ್ತದೆ. ‘ಆ ಶಾಲೆ’ ಎನ್ನಲು ನಿಯಮದ ಪ್ರಕಾರ ‘ಬೇತ್ ಹಸೇಫೆರ್’ ಎನ್ನಬೇಕು. ಸುದ್ದಿ ಓದುವವರು, ಬರೆಯುವವರು ಹಾಗೆಯೇ ಮಾಡುತ್ತಾರೆ. ಬೀದಿಯಲ್ಲಿ, ಮಕ್ಕಳ ಬಾಯಲ್ಲಿ ಕೇಳುವುದು ‘ಹಬೇತ್ ಸೇಫೆರ್’. ಎರಡು ಪದ ಸೇರಿ ಒಂದೇ ವಸ್ತುವಿನ ಹೆಸರಾದಾಗ ಮಾತಾಡುವವನು ಅದನ್ನು ಒಂದೇ ಪದವೆಂದು ಬಗೆದು ಮುಂದೆ ‘ಹ’ ಹಾಕಿಬಿಡುತ್ತಾನೆ. ಕಾಲ್ಚೆಂಡಿನ ಹೆಸರಿನಲ್ಲಿ ಈ ಬದಲಾವಣೆ ಮುಗಿದೇ ಹೋಗಿದೆ. ಕದೂರ್ (ಚೆಂಡು) ಮತ್ತು ರೆಗೆಲ್ (ಕಾಲು) ಕೂಡಿದ ‘ಕದುರೆಗೆಲ್’ ಈಗ ಒಂದೇ ಪದ, ಅದರ ಮುಂದೆ ‘ಹ’ ಬಂದರೆ ಯಾರೂ ತಪ್ಪೆನ್ನುವುದಿಲ್ಲ. ಪರೀಕ್ಷೆಯಲ್ಲಿ ‘ಹಬೇತ್ ಸೇಫೆರ್’ ಎಂದು ಬರೆದರೆ ಮಾತ್ರ ಅಂಕ ಹೋಗುತ್ತದೆ.

ಬೈಬಲಿನ ಮೊದಲ ಪದದಲ್ಲೇ ‘ಹ’ ಇಲ್ಲವಂತೆ, ಅದು ನಿಜವೇ?

ನಿಜ. ಆ ಪದ ‘ಬೆರೇಶೀತ್’. ಮೇಲೆ ಕಂಡ ನಿಯಮಗಳೆಲ್ಲ ಆ ಒಂದು ಪದದಲ್ಲಿ ಬಂದು ಕೂಡುತ್ತವೆ. ರೇಶೀತ್ ಎಂದರೆ ಆದಿ, ಮೊದಲು. ಅದಕ್ಕೆ ‘ಅಲ್ಲಿ’ ಎಂಬ ಅರ್ಥದ ‘ಬೆ’ ಸೇರಿದೆ. ‘ಹ’ ಒಳಗೆ ಅಡಗಿದ್ದರೆ ಸ್ವರ ‘ಅ’ ಆಗಬೇಕಿತ್ತು. ಮುಂದಿರುವುದು ಒತ್ತನ್ನು ಒಪ್ಪದ ‘ರ’ ಆದ್ದರಿಂದ ಅದು ದೀರ್ಘವಾಗಿ ‘ಬಾರೇಶೀತ್’ ಎಂದಾಗಬೇಕಿತ್ತು. ಆದರೆ ಅಚ್ಚಾದ ಹೀಬ್ರೂ ಬೈಬಲುಗಳಲ್ಲಿ ಆ ಅಕ್ಷರದ ಕೆಳಗೆ ಇರುವುದು ಒಂದರ ಕೆಳಗೊಂದು ಇಟ್ಟ ಎರಡು ಚುಕ್ಕೆಗಳು, ಅಂದರೆ ‘ಬೆ’.

ಹಾಗಾದರೆ ನಿಶ್ಚಿತತೆ ಎಲ್ಲಿಂದ ಬರಬೇಕು? ಫ್ರಾನ್ಸಿನ ತ್ರ್ವಾ ಊರಿನ ಯಹೂದಿ ವ್ಯಾಖ್ಯಾನಕಾರ ರಾಶಿ (1040–1105) ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡ. ಬೈಬಲಿನಲ್ಲಿ ರೇಶೀತ್ ಯಾವಾಗಲೂ ಮುಂದಿನ ಪದಕ್ಕೆ ಅಂಟಿಕೊಂಡೇ ಬರುತ್ತದೆ, ಆದ್ದರಿಂದ ಇಲ್ಲಿಯೂ ಅದು ಸ್ಮಿಖುತ್‌ನ ಮೊದಲ ಪದ ಎಂಬುದು ಅವನ ವಾದ. ಸ್ಮಿಖುತ್‌ನ ಮೊದಲ ಪದಕ್ಕೆ ‘ಹ’ ಬರುವಂತಿಲ್ಲ, ಹಾಗಾಗಿ ‘ಬೆ’ ಸರಿಯಾಗಿಯೇ ಇದೆ. ಆದರೆ ಮುಂದಿರುವ ‘ಬಾರಾ’ ನಾಮಪದವಲ್ಲ, ‘ಸೃಷ್ಟಿಸಿದ’ ಎಂಬ ಕ್ರಿಯಾಪದ. ನಾಮಪದದ ಬೆನ್ನಿಗೆ ಹೀಗೆ ಕ್ರಿಯಾಪದ ಬರುವುದಕ್ಕೆ ಅವನು ಪ್ರವಾದಿ ಹೋಶೇಯನ ಗ್ರಂಥದ ಆರಂಭದಿಂದ ಇನ್ನೊಂದು ಉದಾಹರಣೆ ತೋರಿಸಿದ. ಈ ಓದಿನಲ್ಲಿ ಅರ್ಥ ‘ಆದಿಯಲ್ಲಿ ಸೃಷ್ಟಿಸಿದನು’ ಎಂದಾಗುವುದಿಲ್ಲ, ‘ದೇವರು ಸೃಷ್ಟಿಸತೊಡಗಿದಾಗ’ ಎಂದಾಗುತ್ತದೆ.

ಒಪ್ಪದವರೂ ಇದ್ದಾರೆ. ಯೆಶಾಯನ ಗ್ರಂಥದ 46ನೇ ಅಧ್ಯಾಯದಲ್ಲಿ ರೇಶೀತ್ ಯಾವ ಪದಕ್ಕೂ ಅಂಟದೆ, ‘ಹ’ವೂ ಇಲ್ಲದೆ ಒಂಟಿಯಾಗಿ ಬಂದಿದೆ ಎಂದು ಅವರು ತೋರಿಸುತ್ತಾರೆ. ಕಾಲವನ್ನು ಹೇಳುವ ಇಂಥ ಪದಗಳು ‘ಹ’ ಇಲ್ಲದೆಯೂ ನಿಶ್ಚಿತ ಅರ್ಥ ಕೊಡಬಲ್ಲವು ಎಂಬುದು ಅವರ ವಾದ. ಪದದ ಆಕಾರ ನೋಡಿ ತೀರ್ಮಾನಿಸುವ ಹಾಗೂ ಇಲ್ಲ, ಏಕೆಂದರೆ ರೇಶೀತ್ ಸ್ಮಿಖುತ್‌ನಲ್ಲಿ ಕುಗ್ಗದ ಪದ, ಒಂಟಿಯಾಗಿದ್ದಾಗಲೂ ಸರಪಳಿಯಲ್ಲಿದ್ದಾಗಲೂ ಒಂದೇ ರೂಪ. ಎರಡು ಓದುಗಳೂ ಇಂದಿಗೂ ಅಚ್ಚಿನಲ್ಲಿವೆ. ಅಮೆರಿಕದ ಯಹೂದಿಗಳ 1962ರ ಇಂಗ್ಲಿಷ್ ತೋರಾ ‘ಸೃಷ್ಟಿಸತೊಡಗಿದಾಗ’ ಎಂಬ ರಾಶಿಯ ದಾರಿ ಹಿಡಿಯಿತು. ಕನ್ನಡ ಬೈಬಲು ‘ಆದಿಯಲ್ಲಿ’ ಎಂದು ಹಳೆಯ ಓದನ್ನು ಉಳಿಸಿಕೊಂಡಿದೆ. ‘ಹ’ವೇ ಇಲ್ಲದ ಕನ್ನಡದಲ್ಲಿ ‘ಬೆ’ ಮತ್ತು ‘ಬಾ’ ಎರಡಕ್ಕೂ ಆ ಒಂದೇ ಪದ ಸಾಕಾಗುವುದರಿಂದ, ಮೂಲದಲ್ಲಿ ಇಂಥ ಜಗಳವೊಂದು ಇದೆ ಎಂದು ಕನ್ನಡದಲ್ಲಷ್ಟೇ ಓದುವವರಿಗೆ ಗೊತ್ತಾಗುವುದಿಲ್ಲ.